ಡ್ರಮ್, ಡಿಸ್ಕ್, ಸಿಬಿಎಸ್, ಎಬಿಎಸ್: ಯಾವುದಕ್ಕೆ ದುಡ್ಡು ಹಾಕಬೇಕು?

ಪ್ರಶ್ನೆ: ದಿನಾ ಬನಶಂಕರಿಯಿಂದ ಮಾರತ್‌ಹಳ್ಳಿಗೆ ಓಡಾಟ. 125 ಸಿಸಿ ಸ್ಕೂಟರ್ ತಗೊಳ್ಳೋಣ ಅಂತಿದ್ದೀನಿ. ಡ್ರಮ್ ಮಾಡೆಲ್ ಸಾಕಾ, ಡಿಸ್ಕ್ ಬೇಕಾ? ಶೋರೂಮಿನವರು "ಸಿಬಿಎಸ್ ಇದೆಯಲ್ಲ ಸರ್, ಎಬಿಎಸ್ ಥರಾನೇ" ಅಂತಾರೆ. ನನ್ನ ತಮ್ಮ, ಎಬಿಎಸ್ ಇರೋ 160 ಸಿಸಿ ಬೈಕೇ ತಗೋ ಅಂತಾನೆ. ನಿಜವಾಗ್ಲೂ ಯಾವುದರಿಂದ ಎಷ್ಟು ಸೇಫ್ಟಿ ಹೆಚ್ಚಾಗುತ್ತೆ?

ಉತ್ತರ:

ಶೋರೂಮಿನವರ ಮಾತು ತಪ್ಪು. ಸಿಬಿಎಸ್ ಮತ್ತು ಎಬಿಎಸ್ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಸಿಬಿಎಸ್ ನೀವು ಮರೆತ ಮುಂದಿನ ಬ್ರೇಕನ್ನು ನಿಮ್ಮ ಪರವಾಗಿ ಸ್ವಲ್ಪ ಹಿಡಿಯುತ್ತದೆ. ಎಬಿಎಸ್ ನೀವು ಅತಿಯಾಗಿ ಹಿಡಿದದ್ದನ್ನು ಸಡಿಲಿಸುತ್ತದೆ. ಒಂದು ಬ್ರೇಕ್ ಕಡಿಮೆ ಬಿದ್ದಾಗಿನ ಉಪಾಯ, ಇನ್ನೊಂದು ಜಾಸ್ತಿ ಬಿದ್ದಾಗಿನ ಉಪಾಯ. ಡಿಸ್ಕ್ ಇರಲಿ ಡ್ರಮ್ ಇರಲಿ, ಅದು ಚಕ್ರವನ್ನು ಹಿಡಿಯುವ ಸಾಧನ ಮಾತ್ರ.

ಎಲ್ಲಕ್ಕೂ ಮೂಲ ಮುಂದಿನ ಚಕ್ರ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಸುಮ್ಮನೆ ನಿಂತ ಸ್ಕೂಟರಿನಲ್ಲಿ ನಿಮ್ಮ ಭಾರ, ಗಾಡಿಯ ಭಾರ ಸೇರಿ ನೂರಕ್ಕೆ ಸುಮಾರು ಅರವತ್ತು ಪಾಲು ಹಿಂದಿನ ಚಕ್ರದ ಮೇಲಿರುತ್ತದೆ. ಜೋರಾಗಿ ಬ್ರೇಕ್ ಹಿಡಿದ ಕ್ಷಣ ಭಾರ ಮುಂದಕ್ಕೆ ವಾಲುತ್ತದೆ. ಆಗ ಸುಮಾರು ಎಪ್ಪತ್ತು ಪಾಲು ಮುಂದಿನ ಚಕ್ರಕ್ಕೆ ಬಂದು, ಹಿಂದೆ ಮೂವತ್ತು ಮಾತ್ರ ಉಳಿಯುತ್ತದೆ. ಭಾರ ಇಲ್ಲದ ಟೈರಿಗೆ ರಸ್ತೆಯ ಮೇಲೆ ಹಿಡಿತ ಇರುವುದಿಲ್ಲ. ಹಿಂದಿನ ಬ್ರೇಕನ್ನೇ ನಂಬಿದವರ ಗಾಡಿ ಕಿರ್‍ರ್ ಅಂತ ಸದ್ದು ಮಾಡುತ್ತಾ ಜಾರಿಕೊಂಡು ಹೋಗುವುದು ಇದರಿಂದಲೇ.

ನಿಮ್ಮ ದಾರಿಯಲ್ಲೇ ಒಂದು ಲೆಕ್ಕ ಹಾಕೋಣ. ಔಟರ್ ರಿಂಗ್ ರೋಡಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದೀರಿ, ಒಣ ಡಾಂಬರು, ಮುಂದಿನ ಕ್ಯಾಬ್ ದಿಢೀರನೆ ನಿಂತಿತು. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಕೈ ಲಿವರ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಹೋಯಿತು ಅಂದರೆ 14 ಮೀಟರ್ ಕಳೆದೇ ಹೋಯಿತು. ಅದನ್ನು ಯಾವ ಬ್ರೇಕೂ ವಾಪಸ್ ಕೊಡುವುದಿಲ್ಲ. ಆಮೇಲೆ ಎರಡೂ ಬ್ರೇಕ್ ಸರಿಯಾಗಿ ಹಿಡಿದವರು ಸುಮಾರು 16 ಮೀಟರಿನಲ್ಲಿ ನಿಲ್ಲುತ್ತಾರೆ. ಹಿಂದಿನದು ಮಾತ್ರ ಹಿಡಿದವರಿಗೆ 32 ಮೀಟರ್ ಬೇಕು. ಇಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಇದೆ. ಮೊದಲನೆಯವರು ಪೂರ್ತಿ ನಿಂತ ಜಾಗವನ್ನು ಎರಡನೆಯವರು ಇನ್ನೂ 35 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತಾರೆ. ದೂರ ಅರ್ಧ ಆದರೂ ವೇಗ ಅರ್ಧಕ್ಕೆ ಇಳಿದಿರುವುದಿಲ್ಲ. ಕ್ಯಾಬಿನ ಹಿಂಭಾಗ ಅಲ್ಲೇ ಇದ್ದರೆ ಹೊಡೆತ ಬೀಳುವುದು ಆ 35ರಲ್ಲಿ.

ಸಿಬಿಎಸ್ ತುಂಬುವುದು ಈ ಕಂದಕವನ್ನು. ಎಡಗೈ ಲಿವರ್ ಎಳೆದರೆ ಒಂದು ಸನ್ನೆಕೋಲು ಆ ಎಳೆತವನ್ನು ಹಂಚಿ, ಹಿಂದಿನ ಬ್ರೇಕಿನ ಜೊತೆಗೆ ಮುಂದಿನದನ್ನೂ ಹಿಡಿಸುತ್ತದೆ. ಬೈಕುಗಳಲ್ಲಿ ಇದೇ ಕೆಲಸ ಬಲಗಾಲಿನ ಪೆಡಲ್‌ನಿಂದ ಆಗುತ್ತದೆ. ಕಂಪನಿಗೊಂದು ಹೆಸರು ಇಟ್ಟುಕೊಂಡಿದ್ದಾರೆ, ಹೀರೋ ಐಬಿಎಸ್ ಅಂದರೆ ಟಿವಿಎಸ್ ಎಸ್‌ಬಿಟಿ ಅನ್ನುತ್ತದೆ, ತತ್ವ ಒಂದೇ. ಆದರೆ ಮುಂದಕ್ಕೆ ಹೋಗುವ ಪಾಲು ಬೇಕಂತಲೇ ಕಡಿಮೆ ಇಟ್ಟಿರುತ್ತಾರೆ, ಒಮ್ಮೆಲೇ ಮುಂದಿನ ಚಕ್ರ ಕಚ್ಚಿಕೊಂಡು ಬೀಳಿಸಬಾರದು ಅಂತ. ಹಾಗಾಗಿ ಎಡಗೈ ಒಂದನ್ನೇ ಎಳೆದರೆ 32 ಮೀಟರ್ ಸುಮಾರು 21ಕ್ಕೆ ಇಳಿಯಬಹುದು, 16ಕ್ಕೆ ಬರುವುದಿಲ್ಲ. ಉಳಿದ ಐದು ಮೀಟರ್ ನಿಮ್ಮ ಬಲಗೈಯದು. ಇವೆಲ್ಲ ಅಂದಾಜು ಲೆಕ್ಕ, ಟೈರು ರಸ್ತೆ ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತವೆ. ಮುಂದಿನ ಬ್ರೇಕ್ ಮುಟ್ಟಲು ಹೆದರುವವರಿಗೆ ಸಿಬಿಎಸ್‌ನಿಂದ ದೊಡ್ಡ ಲಾಭ. ಎರಡೂ ಕೈ ಬಳಸುವವರಿಗೆ ಅಷ್ಟೇನಿಲ್ಲ.

ಸಿಬಿಎಸ್‌ನಲ್ಲಿ ಯಾರೂ ಹೇಳದ ಒಂದು ದೌರ್ಬಲ್ಯ ಇದೆ. ಮುಂದಕ್ಕೆ ಹೋಗುವ ಆ ಕೇಬಲ್ ಸಡಿಲವಾದರೂ ನಿಮಗೆ ಗೊತ್ತಾಗುವುದಿಲ್ಲ. ಎಡಗೈ ಲಿವರ್ ಹಿಂದಿನ ಬ್ರೇಕನ್ನು ಹಿಡಿಯುತ್ತಲೇ ಇರುತ್ತದೆ, ಕೈಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಡ್ರಮ್ಮಿನಲ್ಲಿ ಲೈನರ್ ಸವೆದ ಹಾಗೆ ಕೇಬಲ್ಲನ್ನು ಬಿಗಿ ಮಾಡುತ್ತಾ ಬರಬೇಕು. ಅವಸರದ ಸರ್ವಿಸ್‌ನಲ್ಲಿ ಹಿಂದಿನದನ್ನು ಮಾತ್ರ ಬಿಗಿ ಮಾಡಿ ಕಳಿಸುತ್ತಾರೆ. ಪರೀಕ್ಷೆ ಸುಲಭ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ. ಒಬ್ಬರು ಹಿಂದೆ ಅದುಮಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಅದನ್ನು ಕೈಯಿಂದ ತಿರುಗಿಸಿ, ಎಡಗೈ ಲಿವರ್ ಮಾತ್ರ ನಿಧಾನವಾಗಿ ಎಳೆಯಿರಿ. ಮೊದಲು ಹಿಂದಿನದು ಹಿಡಿದು, ಇನ್ನಷ್ಟು ಎಳೆದಾಗ ಮುಂದಿನ ಚಕ್ರವೂ ಬಿಗಿಯಾಗಿ ನಿಲ್ಲಬೇಕು. ಲಿವರ್ ಪೂರ್ತಿ ಎಳೆದರೂ ಮುಂದಿನ ಚಕ್ರ ಆರಾಮಾಗಿ ಸುತ್ತುತ್ತಿದ್ದರೆ ನಿಮ್ಮ ಸಿಬಿಎಸ್ ಸ್ಟಿಕ್ಕರ್‌ನಲ್ಲಿ ಮಾತ್ರ ಇದೆ. ಪ್ರತಿ ಸರ್ವಿಸ್ ಆದ ಮೇಲೆ ಗಾಡಿ ತೆಗೆದುಕೊಳ್ಳುವ ಮುಂಚೆ ಅಲ್ಲೇ ಇದನ್ನು ಮಾಡಿಸಿ. ಲಿವರಿನ ತುದಿಯಲ್ಲಿ ಖಾಲಿ ಆಟ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಇರಬೇಕು, ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಯೇ ಅಂತಿಮ.

ಈಗ ಡ್ರಮ್ಮಾ ಡಿಸ್ಕಾ ಅನ್ನುವುದಕ್ಕೆ ಬರೋಣ. 50ರ ವೇಗದಲ್ಲಿ, ಒಣ ರಸ್ತೆಯಲ್ಲಿ, ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ ಕೂಡ ಟೈರಿನ ಹಿಡಿತದ ಹತ್ತಿರದವರೆಗೂ ಬ್ರೇಕ್ ಕೊಡಬಲ್ಲದು. ನಿಲ್ಲುವ ದೂರವನ್ನು ಕೊನೆಗೆ ತೀರ್ಮಾನಿಸುವುದು ಟೈರು. ಡಿಸ್ಕ್‌ನ ನಿಜವಾದ ಲಾಭ ಬೇರೆ ಕಡೆ ಇದೆ. ಬೆರಳು ಎಷ್ಟು ಒತ್ತಿತೋ ಅಷ್ಟೇ ಬ್ರೇಕ್ ಬೀಳುತ್ತದೆ, ಇವತ್ತು ಬಿದ್ದ ಹಾಗೆಯೇ ಮೂರು ತಿಂಗಳ ನಂತರವೂ ಬೀಳುತ್ತದೆ, ಏಕೆಂದರೆ ಪ್ಯಾಡ್ ಸವೆದಂತೆ ಅದು ತಾನೇ ಮುಂದೆ ಸರಿದುಕೊಳ್ಳುತ್ತದೆ. ಡ್ರಮ್ ಎರಡು ಸಂದರ್ಭಗಳಲ್ಲಿ ಕೈ ಕೊಡುತ್ತದೆ. ಅಂಡರ್‌ಪಾಸ್‌ನಲ್ಲಿ ನಿಂತ ನೀರಿನೊಳಗೆ ಹೋಗಿ ಬಂದರೆ ಒಳಗೆ ಸೇರಿದ ನೀರು ಬೇಗ ಆರುವುದಿಲ್ಲ, ಆಮೇಲೆ ಒಂದೆರಡು ಸಲ ಬ್ರೇಕ್ ಜಾರಿದ ಹಾಗಾಗುತ್ತದೆ. ನೀರು ದಾಟಿದ ಮೇಲೆ ಸ್ವಲ್ಪ ದೂರ ಹಗುರವಾಗಿ ಬ್ರೇಕ್ ಹಿಡಿದುಕೊಂಡೇ ಹೋದರೆ ಆರುತ್ತದೆ. ಎರಡನೆಯದು ನಂದಿ ಬೆಟ್ಟದಂಥ ಇಳಿಜಾರು. ಇಬ್ಬರು ಕೂತು ಬ್ರೇಕ್ ಹಿಡಿದುಕೊಂಡೇ ಇಳಿದರೆ ಶಾಖ ಡ್ರಮ್ಮಿನೊಳಗೇ ಉಳಿದು, ಲಿವರ್ ಎಷ್ಟು ಎಳೆದರೂ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣ್ಣಗಾಗುತ್ತದೆ.

ಆದರೆ ಡಿಸ್ಕ್ ತೆಗೆದುಕೊಂಡವರಿಗೆ ಒಂದು ಎಚ್ಚರಿಕೆ. ಬೆರಳಿಗೆ ಸುಲಭವಾಗಿ ಬೀಳುವ ಬ್ರೇಕ್, ಗಾಬರಿಯಾದಾಗ ಅಷ್ಟೇ ಸುಲಭವಾಗಿ ಅತಿಯಾಗಿಯೂ ಬೀಳುತ್ತದೆ. ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆ, ಧೂಳು ನೀರಿನ ಜೊತೆ ಸೇರಿ ಲೇಪ ಆಗಿರುತ್ತದೆ. ಮೆಟ್ರೋ ಕಾಮಗಾರಿ ಪಕ್ಕದಲ್ಲಿ ಮರಳು ಚೆಲ್ಲಿರುತ್ತದೆ, ಜೀಬ್ರಾ ಕ್ರಾಸಿಂಗ್ ಬಣ್ಣ ಒದ್ದೆಯಾದರೆ ಗಾಜಿನ ಹಾಗೆ. ಅಂಥ ಕಡೆ ಮುಂದಿನ ಚಕ್ರ ಲಾಕ್ ಆದರೆ ಗಾಡಿ ಅರ್ಧ ಸೆಕೆಂಡಿನಲ್ಲೇ ಅಡ್ಡ ಬೀಳಬಹುದು. ಹಿಂದಿನ ಚಕ್ರ ಲಾಕ್ ಆದರೆ ಬಾಲ ಅಲ್ಲಾಡುತ್ತದೆ, ನೇರವಾಗಿ ಹೋಗುತ್ತಿದ್ದರೆ ಲಿವರ್ ಸಡಿಲಿಸಿ ಹಿಡಿತಕ್ಕೆ ತರಬಹುದು. ಮುಂದಿನದಕ್ಕೆ ಆ ಅವಕಾಶ ಸಿಗುವುದು ಬಹಳ ಕಡಿಮೆ. ಸಿಬಿಎಸ್ ಇದನ್ನು ತಡೆಯುವುದಿಲ್ಲ.

ತಡೆಯುವುದು ಎಬಿಎಸ್. ಚಕ್ರದ ಪಕ್ಕದಲ್ಲಿ ತೂತುಗಳಿರುವ ಒಂದು ಉಂಗುರ, ಅದನ್ನು ಓದುವ ಸೆನ್ಸರ್. ಚಕ್ರ ನಿಲ್ಲುವ ಹಂತಕ್ಕೆ ಬಂದ ಕೂಡಲೇ ಬ್ರೇಕ್ ಆಯಿಲ್ ಒತ್ತಡವನ್ನು ಬಿಟ್ಟು ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವು ಸಲ. ಲಿವರ್ ಬೆರಳಿಗೆ ಟಕಟಕ ಅಂತ ಬಡಿಯುವುದು ಆಗಲೇ. ಬೆಚ್ಚಿ ಬಿಡಬೇಡಿ, ಒತ್ತಿಯೇ ಇರಿ. ನಮ್ಮಲ್ಲಿ 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯ ಮಾಡಿದ್ದು, 125 ಸಿಸಿವರೆಗಿನವಕ್ಕೆ ಸಿಬಿಎಸ್ ಸಾಕು ಎಂದದ್ದು. ನಿಮ್ಮ ಸ್ಕೂಟರಿಗೂ ತಮ್ಮ ಹೇಳುವ ಬೈಕಿಗೂ ಈ ವ್ಯತ್ಯಾಸ ಬಂದದ್ದು ಹೀಗೆ.

ಸಿಂಗಲ್ ಚಾನೆಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್. ಮೇಲೆ ಹೇಳಿದ ಕಾರಣಕ್ಕೆ ಲಾಭದ ದೊಡ್ಡ ಪಾಲು ಅದರಲ್ಲೇ ಸಿಕ್ಕಿಬಿಡುತ್ತದೆ. ಡ್ಯುಯಲ್ ಚಾನೆಲ್‌ನಲ್ಲಿ ಹಿಂದಿನದೂ ಲಾಕ್ ಆಗುವುದಿಲ್ಲ. ಹೈವೇ ಓಟ, ಹಿಂದೆ ಕೂರುವವರು ಇದ್ದರೆ ಅದಕ್ಕೆ ಬೆಲೆ ಇದೆ. "ಎರಡೂ ಡಿಸ್ಕ್, ಎಬಿಎಸ್" ಅಂದ ಮಾತ್ರಕ್ಕೆ ಡ್ಯುಯಲ್ ಅಂದುಕೊಳ್ಳಬೇಡಿ, ಹಿಂದೆ ಡಿಸ್ಕ್ ಇದ್ದೂ ಸಿಂಗಲ್ ಚಾನೆಲ್ ಇರುವ ಬೈಕುಗಳಿವೆ. ಬ್ರೋಷರಿನಲ್ಲಿ ಡ್ಯುಯಲ್ ಅಂತ ಬರೆದಿದೆಯಾ ಓದಿ. ಹಿಂದೆ ಡ್ರಮ್ ಇದ್ದರೆ ಅದು ಸಿಂಗಲ್ಲೇ.

ಎಬಿಎಸ್‌ಗೂ ಮಿತಿ ಇದೆ. ಮರಳು, ಜಲ್ಲಿಯ ಮೇಲೆ ನಿಲ್ಲುವ ದೂರ ಹೆಚ್ಚಾಗಬಹುದು. ಹಂಪ್ ಮೇಲೆ ಚಕ್ರ ಪುಟಿದ ಗಳಿಗೆಯಲ್ಲಿ ಬ್ರೇಕ್ ಒಂದು ಕ್ಷಣ ಬಿಟ್ಟ ಹಾಗಾಗುತ್ತದೆ. ತಿರುವಿನಲ್ಲಿ ವಾಲಿಕೊಂಡಿದ್ದಾಗ ಸಾಮಾನ್ಯ ಎಬಿಎಸ್ ಜಾರುವುದನ್ನು ಪೂರ್ತಿ ತಪ್ಪಿಸಲಾರದು. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹತ್ತಿ, ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು. ಆರದಿದ್ದರೆ ಮಾಮೂಲಿ ಬ್ರೇಕ್ ಇರುತ್ತದೆ, ಎಬಿಎಸ್ ಇರುವುದಿಲ್ಲ. ಹೆಚ್ಚಿನ ಸಲ ಕಾರಣ ಸೆನ್ಸರಿಗೆ ಅಂಟಿದ ಕೆಸರು ಇಲ್ಲವೇ ಕಿತ್ತ ವೈರ್, ಪಂಕ್ಚರ್‌ಗೆ ಚಕ್ರ ಬಿಚ್ಚಿದ ಮೇಲಂತೂ ಇದನ್ನು ನೋಡಲೇಬೇಕು.

ನಿಮ್ಮ ವಿಷಯಕ್ಕೆ: ಗೇರ್ ಬೈಕ್ ಓಡಿಸಲು ಒಗ್ಗಿದ್ದರೆ, ಬಜೆಟ್ ಮುಟ್ಟಿದರೆ, ತಮ್ಮ ಹೇಳಿದ್ದೇ ಸರಿ, ಸಿಂಗಲ್ ಚಾನೆಲ್ ಆದರೂ ಪರವಾಗಿಲ್ಲ. ಸ್ಕೂಟರೇ ಬೇಕು ಅಂದರೆ ಮುಂದೆ ಡಿಸ್ಕ್ ಇರುವ ಮಾಡೆಲ್ ತೆಗೆದುಕೊಳ್ಳಿ. ದಿನಾ ಇಷ್ಟು ದೂರ ಓಡಿಸುವವರಿಗೆ ಕೆಲವು ಸಾವಿರದ ವ್ಯತ್ಯಾಸ ದಂಡವಲ್ಲ. ಬ್ಲೂಟೂತ್ ಮೀಟರ್ ಇರುವ ಡ್ರಮ್ ಮಾಡೆಲ್, ಸಾದಾ ಮೀಟರಿನ ಡಿಸ್ಕ್ ಮಾಡೆಲ್ ಎರಡೂ ಒಂದೇ ಬೆಲೆಗೆ ಬಂದರೆ ಎರಡನೆಯದೇ ಇರಲಿ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಅದು ಗಾಳಿಯ ತೇವ ಹೀರಿಕೊಂಡು ಬಿಸಿಯಾದಾಗ ಬೇಗ ಕುದಿಯುತ್ತದೆ, ಆಗ ಲಿವರ್ ಸ್ಪಂಜಿನ ಹಾಗಾಗುತ್ತದೆ. ಗಾಡಿ ಬಂದ ಮೊದಲ ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ, ಹ್ಯಾಂಡಲ್ ನೇರ ಇಟ್ಟುಕೊಂಡು, ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ನಿಲ್ಲಿಸಿ ನೋಡಿ. ಮೊದಲು ಹಗುರವಾಗಿ ಒತ್ತಿ, ಮುಂದಿನ ಫೋರ್ಕ್ ಕುಗ್ಗಿದ್ದು ಗೊತ್ತಾದ ಮೇಲೆ ಜೋರಾಗಿ. ಹತ್ತಿಪ್ಪತ್ತು ಸಲ ಮಾಡಿದರೆ ಬಲಗೈಗೆ ಆ ಕ್ರಮ ಕೂರುತ್ತದೆ.