ಮನೆ ಹೆಸರು ಮನೇಲಿ, ಆಫೀಸಲ್ಲಿ ದಾಖಲೆ ಹೆಸರು

ಪ್ರಶ್ನೆ: ಎಲ್ರೂ ನನ್ನ ಪುಟ್ಟು ಅಂತಾನೇ ಕರೀತಾರೆ, ಕೆಲ್ಸಕ್ಕೆ ಸೇರ್ತಿದೀನಿ, ಇನ್ಮೇಲೆ ಅದನ್ನ ಬಿಡ್ಬೇಕಾ?

ಬಾಯಲ್ಲಿ ಬಿಡ್ಬೇಕಿಲ್ಲ, ಆದ್ರೆ ಸಂಬಳ, ಸಹಿ, ಟಿಕೆಟ್ ಎಲ್ಲಿ ಬರುತ್ತೋ ಅಲ್ಲಿ ದಾಖಲೆ ಹೆಸರೇ ಇರ್ಲಿ. ತೊಂದ್ರೆ ಆಗೋದು ಮನೆ ಹೆಸರು ಯಾವ್ದೋ ಒಂದು ದಾಖಲೆಗೆ ನುಸುಳಿದಾಗ. ಉದಾಹರಣೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಮಂಜುನಾಥ, ಆಧಾರಲ್ಲಿ ಪುಟ್ಟರಾಜು ಅಂತಿದೆ ಅನ್ಕೊಳ್ಳಿ, ಆಗ ಪ್ಯಾನ್ ಲಿಂಕ್ ಆಗಲ್ಲ, ಪಿಎಫ್ ನಂಬರ್ ಆಧಾರ್ ಜೊತೆ ತಾಳೆ ಆಗಲ್ಲ, ಕೆಲ್ಸ ಬಿಟ್ಟಾಗ ದುಡ್ಡು ತೆಗೆಯೋಕೆ ಹೋದ್ರೆ ಸಿಕ್ಕಾಕೊಳ್ಳುತ್ತೆ. ಹಂಗಾಗಿ ಸೇರೋಕ್ ಮುಂಚೆನೇ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಇನಿಷಿಯಲ್, ಸ್ಪೆಲ್ಲಿಂಗ್ ಸಮೇತ ನೋಡಿ, ಬೇರೆ ಇದ್ರೆ ಮಾರ್ಕ್ಸ್ ಕಾರ್ಡ್ ಹೆಸರಿಗೆ ಉಳಿದಿದ್ದನ್ನ ತಿದ್ಸಿ, ಮಾರ್ಕ್ಸ್ ಕಾರ್ಡ್ ತಿದ್ಸೋದೇ ಇರೋದ್ರಲ್ಲಿ ದೊಡ್ಡ ತಲೆನೋವು.

ಆಫೀಸ್ ಮೇಲ್ ಐಡಿ ಮಾಡೋವಾಗ್ಲೂ ಪೂರ್ತಿ ಹೆಸರೇ ಕೊಡಿ, ಆಮೇಲೆ ಬದಲಾಯ್ಸೋದು ರಗಳೆ. ಕ್ಯಾಂಟೀನಲ್ಲಿ ಸ್ನೇಹಿತ್ರು ಪುಟ್ಟು ಅಂದ್ರೆ ಅನ್ಲಿ ಬಿಡಿ, ಆದ್ರೆ ಕ್ಲೈಂಟ್ ಎದ್ರು ಮ್ಯಾನೇಜರ್ ಹಂಗೆ ಕರೆದ್ರೆ ಆಮೇಲೆ ಪಕ್ಕಕ್ಕೆ ಕರೆದು "ಸರ್, ಮೀಟಿಂಗಲ್ಲಿ ಮಂಜುನಾಥ ಅನ್ನಿ" ಅಂತ ನಗ್ತಾನೇ ಹೇಳ್ಬಿಡಿ. ಅಮ್ಮಂಗೆ ಮಾತ್ರ ಹೇಳೋಕ್ ಹೋಗ್ಬೇಡಿ, ಅವ್ರು ಕೇಳಲ್ಲ.