ಬಾಡಿಗೆ ಮನೆ ವಿಡಿಯೊ: ತುಣುಕುಗಳ ಕ್ರಮ ಮತ್ತು ವೇಗ

ಪ್ರಶ್ನೆ: 2 ಬಿಎಚ್‌ಕೆ ಬಾಡಿಗೆಗೆ ಕೊಡಬೇಕು. ಫೋನಲ್ಲಿ ತೆಗೆದ ತುಣುಕುಗಳನ್ನು ಜೋಡಿಸಿದೆ, ನೋಡಿದವರು ತಲೆ ತಿರುಗುತ್ತೆ ಅಂತಾರೆ. ಏನು ಮಾಡಲಿ?

ಉತ್ತರ: ಮನೆ ನೋಡಲು ಬಂದವರು ನಡೆಯುವ ದಾರಿಯಲ್ಲೇ ತುಣುಕುಗಳು ಸಾಗಲಿ. ಮುಂಬಾಗಿಲು 4 ಸೆಕೆಂಡು, ಹಾಲ್ 12, ಅಡುಗೆಮನೆ 10, ಯುಟಿಲಿಟಿ 4, ಎರಡು ಕೋಣೆಗೆ ತಲಾ 10, ಅವುಗಳ ಬಾತ್‌ರೂಮಿಗೆ ತಲಾ 5, ಕೊನೆಗೆ ಬಾಲ್ಕನಿ 6. ಒಟ್ಟು 66 ಸೆಕೆಂಡು. ಬಾಲ್ಕನಿ ಚೆನ್ನಾಗಿದೆ ಎಂದು ಮೊದಲೇ ಹಾಕಿದರೆ ಯಾವ ಕೋಣೆಗೆ ಯಾವುದು ಅಂಟಿಕೊಂಡಿದೆ ಎಂಬುದೇ ತಿಳಿಯುವುದಿಲ್ಲ. ಹಾಲ್ ತುಣುಕು ಅಡುಗೆಮನೆ ಬಾಗಿಲಿನ ಮೇಲೆ ನಿಲ್ಲಲಿ, ಮುಂದಿನದು ಆ ಬಾಗಿಲಿನಿಂದಲೇ ಶುರುವಾಗಲಿ.

ತಲೆ ತಿರುಗುವುದು ಸಾಮಾನ್ಯವಾಗಿ ನಡೆಯುತ್ತಲೇ ಫೋನ್ ತಿರುಗಿಸುವುದರಿಂದ. ಮೂಲೆಯಲ್ಲಿ ನಿಂತು, ಮೊಣಕೈ ಪಕ್ಕೆಗೆ ಒತ್ತಿ, ಫೋನನ್ನು ಎದೆಮಟ್ಟದಲ್ಲಿ ಅಡ್ಡಲಾಗಿ ಹಿಡಿಯಿರಿ. ಸೊಂಟದಿಂದ ತಿರುಗಿ, ಕೋಣೆಯ ಕಾಲು ಸುತ್ತಿಗೆ 8 ಸೆಕೆಂಡು ತೆಗೆದುಕೊಳ್ಳಿ. ಶುರುವಿನಲ್ಲೂ ಕೊನೆಯಲ್ಲೂ 2 ಸೆಕೆಂಡು ಅಲ್ಲಾಡದೆ ನಿಲ್ಲಿ. ಕತ್ತರಿಸುವುದು ಆ ನಿಂತ ಭಾಗದಲ್ಲೇ. ವಿಡಿಯೊ ಉದ್ದವಾಯಿತೆಂದು ವೇಗ ಹೆಚ್ಚಿಸಬೇಡಿ, ಸಣ್ಣ ನಡುಕವೂ ಕುಲುಕಾಟದಂತೆ ಕಾಣುತ್ತದೆ.

ಜಾಗವನ್ನು ಅಗಲವಾಗಿ ತೋರಿಸುವ 0.5x ಲೆನ್ಸ್ ಬಾತ್‌ರೂಮಿಗಷ್ಟೇ ಸಾಕು. ಹಾಲಿಗೂ ಬಳಸಿದರೆ ಸೋಫಾ ಹಿಡಿಯದ ಜಾಗವೂ ಮೈದಾನದಂತೆ ಕಂಡು, ನೋಡಲು ಬಂದವರು ಬಾಗಿಲಲ್ಲೇ ಮುಖ ಸಿಂಡರಿಸುತ್ತಾರೆ.