ಲಿಂಗನಮಕ್ಕಿಯಲ್ಲಿ ಮುಳುಗಿದ ಊರನ್ನು ಮತ್ತು ಅಲ್ಲಿನವರನ್ನು ಹುಡುಕುವುದು ಹೇಗೆ?

ಪ್ರಶ್ನೆ: "ನಮ್ಮಜ್ಜಿಯ ತವರೂರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆಯಂತೆ. ಮಡೇನೂರು ಹತ್ತಿರ ಅಂತಾರೆ. ಗೂಗಲ್ ಮ್ಯಾಪ್‌ನಲ್ಲಿ ಎಲ್ಲೂ ಸಿಗ್ತಿಲ್ಲ. ನಾನಿರೋದು ಬೆಂಗಳೂರಲ್ಲಿ. ಆ ಊರು ಎಲ್ಲಿತ್ತು, ಊರನ್ನ ಈಗ ಎಲ್ಲಿಗೆ ಸ್ಥಳಾಂತರ ಮಾಡಿದಾರೆ ಅಂತ ತಿಳಿಯೋದು ಹೇಗೆ?"

ನಮ್ಮದೂ ಮುಳುಗಡೆ ಕಡೆಯ ಮನೆತನವೇ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, "ಊರನ್ನು ಎಲ್ಲಿಗೆ ಸ್ಥಳಾಂತರ ಮಾಡಿದ್ದಾರೆ" ಎಂಬ ಪ್ರಶ್ನೆ ಶರಾವತಿಯ ಮಟ್ಟಿಗೆ ಸರಿಹೊಂದುವುದಿಲ್ಲ. ಕೃಷ್ಣರಾಜಸಾಗರದ ಬಳಿ ಹೊಸ ಕನ್ನಂಬಾಡಿ ಇದೆ. ಆಲಮಟ್ಟಿ ಭಾಗದಲ್ಲಿ ಹಳೆಯ ಊರಿನ ಹೆಸರಿನಲ್ಲೇ ಪುನರ್ವಸತಿ ಕೇಂದ್ರಗಳಿವೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಆದದ್ದು ಬೇರೆ. ಜನ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸೊರಬ, ಶಿಕಾರಿಪುರ ಹೀಗೆ ಹಲವು ತಾಲ್ಲೂಕುಗಳ ಕಾಡಂಚಿಗೆ ಚದುರಿಹೋದರು. ಒಂದೇ ಊರಿನ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ತಾಲ್ಲೂಕು ಸೇರಿದರು. ಆದ್ದರಿಂದ ಹುಡುಕಬೇಕಾದದ್ದು ಎರಡು: ಜಾಗ ಮತ್ತು ಕುಟುಂಬಗಳು. ಜಾಗ ಸಿಕ್ಕ ಮೇಲೆ ಮಾತ್ರ ಕುಟುಂಬಗಳ ದಾರಿ ತೆರೆಯುತ್ತದೆ.

ಜಾಗ ಹುಡುಕುವಾಗ ಹೆಚ್ಚಿನವರ ತಿಂಗಳುಗಟ್ಟಲೆ ಸಮಯ ಹಾಳಾಗುವುದು ಒಂದೇ ಕಡೆ. ಮಲೆನಾಡಿನಲ್ಲಿ ಅಜ್ಜಿಯರು ಊರು ಎಂದು ಹೇಳುವುದು ಸಾಮಾನ್ಯವಾಗಿ ಮಜರೆಯ ಹೆಸರು. ನಾಲ್ಕಾರು ಮನೆ, ಒಂದು ಅಡಿಕೆ ತೋಟ, ಒಂದು ಹಳ್ಳ, ಅಷ್ಟೇ ಆ ಊರು. ಸರ್ಕಾರದ ಲೆಕ್ಕದಲ್ಲಿ ಅಂಥ ಹಲವು ಮಜರೆ ಸೇರಿ ಒಂದು ಕಂದಾಯ ಗ್ರಾಮ. ಜನಗಣತಿ, ಪಹಣಿ, ಭೂಸ್ವಾಧೀನದ ಕಡತ, ರಾಜ್ಯಪತ್ರ ಎಲ್ಲದರಲ್ಲೂ ಕಂದಾಯ ಗ್ರಾಮದ ಹೆಸರೇ ಇರುತ್ತದೆ. ಅಜ್ಜಿ ಹೇಳಿದ ಹೆಸರು ಹಿಡಿದು ಕಚೇರಿಗೆ ಹೋದರೆ "ಅಂಥ ಊರೇ ಇಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಪಟ್ಟಿಯಲ್ಲಿ ಅದು ಇಲ್ಲ. ಇನ್ನೂ ಕಷ್ಟವೆಂದರೆ ಅದೇ ಹೆಸರಿನ ಬೇರೊಂದು ಗ್ರಾಮ ಪಕ್ಕದ ಹೋಬಳಿಯಲ್ಲಿ ಇದ್ದುಬಿಟ್ಟರೆ ಸಂಬಂಧವಿಲ್ಲದವರ ದಾಖಲೆಯ ಹಿಂದೆ ಓಡುತ್ತಿರುತ್ತೀರಿ. ಅದಕ್ಕೇ ಅಜ್ಜಿಯನ್ನು ಹೆಸರಿಗಿಂತ ಗುರುತು ಕೇಳಿ. ಹೊಳೆಯ ಯಾವ ದಡ, ಪೇಟೆಗೆ ಯಾವ ದಾರಿ, ಹೊಳೆ ದಾಟುತ್ತಿದ್ದುದು ಎಲ್ಲಿ, ಶಾನುಭೋಗರು ಯಾವ ಊರಿನವರು. ಕೊನೆಯ ಪ್ರಶ್ನೆ ಬಿಡಬೇಡಿ, ಶಾನುಭೋಗರ ವ್ಯಾಪ್ತಿಯಿಂದ ಕಂದಾಯ ಗ್ರಾಮ ಬೇಗ ಗೊತ್ತಾಗುತ್ತದೆ.

ಮಜರೆಯ ಹೆಸರು ಸಿಗುವುದು ಹಳೆಯ ನಕ್ಷೆಯಲ್ಲಿ. ಸರ್ವೆ ಆಫ್ ಇಂಡಿಯಾದ ಒಂದಿಂಚಿಗೆ ಒಂದು ಮೈಲಿಯ ಹಾಳೆಗಳಲ್ಲಿ ಸಣ್ಣ ಮನೆಗುಂಪುಗಳನ್ನೂ ಹೆಸರಿಸಿರುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು, ಮಡೇನೂರು, ಹೊಳೆಬಾಗಿಲು ಬರುವ ಹಾಳೆಯ ಸಂಖ್ಯೆ 48 J/16. ಅದರ ದಕ್ಷಿಣಕ್ಕೆ 48 K/13, ಸಾಗರ ಪೇಟೆಯ ಕಡೆಗೆ 48 N/4. ಸಂಖ್ಯೆ ಮಾತ್ರ ಹೇಳಿದರೆ ಹೊಸ ಮುದ್ರಣ ಕೊಡುತ್ತಾರೆ, ಅದರಲ್ಲಿ ಬರೀ ನೀಲಿ. "1964ಕ್ಕೆ ಮೊದಲಿನ ಸಮೀಕ್ಷೆ" ಎಂದೇ ಕೇಳಬೇಕು. ಅದು ಸಿಗುವವರೆಗೆ ಅಮೆರಿಕದ ಸೈನ್ಯ 1950ರ ದಶಕದಲ್ಲಿ ಮುದ್ರಿಸಿದ U502 ಸರಣಿಯ ನಕ್ಷೆಗಳನ್ನು ನೋಡಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಉಚಿತವಾಗಿ ಇಂಟರ್‌ನೆಟ್‌ನಲ್ಲಿ ಇಟ್ಟಿದೆ. ಅಳತೆ 1:250,000, ಆದ್ದರಿಂದ ಮಜರೆಗಳು ಕಡಿಮೆ, ಆದರೆ ಹಳೆಯ ರಸ್ತೆ ಮತ್ತು ಹೊಳೆಯ ತಿರುವು ತಿಳಿಯುತ್ತವೆ.

ಒಂದಿಂಚಿನ ಹಾಳೆ ಸಿಕ್ಕರೆ ಅದರ ಎತ್ತರದ ಗೆರೆಗಳನ್ನು ನೋಡಿ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ನಕ್ಷೆಯಲ್ಲಿ 1,800ರ ಗೆರೆಯನ್ನು ಬಣ್ಣದ ಪೆನ್ಸಿಲ್‌ನಲ್ಲಿ ಎಳೆದುಕೊಂಡರೆ ಅದರ ಕೆಳಗಿನದ್ದು ಮುಳುಗಿದ್ದು ಖಚಿತ. ಅದಕ್ಕೂ ಮೇಲಿನ ಗೆರೆಗೂ ನಡುವೆ ಇರುವುದು ಸಂದೇಹದ್ದು. ಅಲ್ಲಿ ಗದ್ದೆ ಮುಳುಗಿ ಮನೆ ಉಳಿದದ್ದೂ ಇರಬಹುದು. ಅಂಥ ಕಡೆ ಇಡೀ ಊರು ಹೋಯಿತೆಂದು ಮನೆಯವರು ಹೇಳಿದರೂ ಕೆಲವರು ಅಲ್ಲೇ ದಡದಲ್ಲಿ ಉಳಿದಿರುವ ಸಾಧ್ಯತೆ ಇದೆ. ಮೊದಲು ಅವರನ್ನು ಹುಡುಕಿ.

ಹಳೆಯ ನಕ್ಷೆಯನ್ನು ಗೂಗಲ್ ಅರ್ತ್ ಮೇಲೆ ಕೂರಿಸುವಾಗ ಅಂಚಿನಲ್ಲಿರುವ ಅಕ್ಷಾಂಶ, ರೇಖಾಂಶ ನೆಚ್ಚಬೇಡಿ. ಅವು ಹಳೆಯ ಎವರೆಸ್ಟ್ ಮಾಪನದವು, ಈಗಿನದಕ್ಕೆ ನೇರ ಹೊಂದುವುದಿಲ್ಲ. ನೀರಿನ ಮೇಲೆ ಗುರುತು ಹಾಕಿದರೆ ತಪ್ಪಾಗಿದೆ ಎಂದು ಕಣ್ಣಿಗೆ ಕಾಣುವುದೂ ಇಲ್ಲ. ಇಂದಿಗೂ ನೀರಿನಿಂದ ಮೇಲಿರುವ ಗುಡ್ಡದ ತುದಿ, ಹಳೆಯ ರಸ್ತೆಯ ಕೂಡುವಿಕೆ ಇಂಥ ನಾಲ್ಕೈದು ಬಿಂದುಗಳಿಗೆ ಹೊಂದಿಸಿ. ಆಮೇಲೆ ಮೇ ಕೊನೆಯ ಸೆಂಟಿನೆಲ್ ಉಪಗ್ರಹ ಚಿತ್ರ ತೆಗೆದು ನೋಡಿ. ನೀರು ಬಹಳ ಇಳಿದ ವರ್ಷಗಳಲ್ಲಿ ಹಳೆಯ ಮಡೇನೂರು ಅಣೆಕಟ್ಟೇ ಹೊರಬರುತ್ತದೆ. ನಿಮ್ಮ ನಕ್ಷೆ ಸರಿ ಕೂತಿದೆಯೇ ಎಂದು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಮಡೇನೂರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಈಗ ಹೇಳಿದ ಅಲ್ಲಿನ ಹಳೆಯ ಅಣೆಕಟ್ಟಿನ ಹೆಸರು ಹಿರೇಭಾಸ್ಕರ, ಅದು ಮುಗಿದದ್ದು 1948ರಲ್ಲಿ, ಲಿಂಗನಮಕ್ಕಿ ಅದನ್ನೂ ಮುಳುಗಿಸಿತು. ಹಾಗಾಗಿ ನಿಮ್ಮ ಊರು ಮುಳುಗಿದ್ದು ಯಾವ ಸಲ ಎಂಬುದು ಮೊದಲು ಇತ್ಯರ್ಥವಾಗಬೇಕು. ಅಜ್ಜಿಯ ಮದುವೆಯ ವರ್ಷದಿಂದ ಅಂದಾಜು ಮಾಡಿ, ನಂತರ ಶಿವಮೊಗ್ಗ ಜಿಲ್ಲೆಯ ಜನಗಣತಿ ಕೈಪಿಡಿಗಳ ಗ್ರಾಮ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. 1961ರಲ್ಲಿ ಜನಸಂಖ್ಯೆ ಇದ್ದು 1971ರಲ್ಲಿ ಜನವಸತಿ ಇಲ್ಲ ಎಂದಿದ್ದರೆ ಲಿಂಗನಮಕ್ಕಿಯದು. 1961ರಲ್ಲೇ ಜನ ಇಲ್ಲದಿದ್ದರೆ 1948ರ ಕಡತ ಹುಡುಕಬೇಕು. ಪೂರ್ತಿ ಮುಳುಗಿದ ಗ್ರಾಮವೂ ಕಂದಾಯದ ಪಟ್ಟಿಯಿಂದ ತಾನಾಗಿ ಅಳಿದುಹೋಗುವುದಿಲ್ಲ, ಬೇಚರಾಕ್, ಅಂದರೆ ಜನವಸತಿ ಇಲ್ಲದ ಗ್ರಾಮವೆಂದು ಉಳಿದಿರಬಹುದು. ಹಾಗೆ ಉಳಿದಿದ್ದರೆ ಗ್ರಾಮ ನಕ್ಷೆಯನ್ನು landrecords.karnataka.gov.in ನಲ್ಲಿ ಹುಡುಕಿ. ಮಜರೆ ಯಾವ ಗ್ರಾಮದ ಗಡಿಯೊಳಗೆ ಬೀಳುತ್ತದೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಇನ್ನು ಜನ. ಇಲ್ಲಿ ಬೇಕಾದ ಕಾಗದ ಭೂಸ್ವಾಧೀನದ ಐತೀರ್ಪು. ಯಾವ ಸರ್ವೆ ನಂಬರು, ಯಾರ ಖಾತೆ, ಎಷ್ಟು ಎಕರೆ, ಎಷ್ಟು ಪರಿಹಾರ ಎಲ್ಲ ಅದರಲ್ಲಿರುತ್ತದೆ. ಬೆಂಗಳೂರಿನಲ್ಲಿರುವ ನೀವು ಮೊದಲು ವಿಕಾಸ ಸೌಧದ ರಾಜ್ಯ ಪತ್ರಾಗಾರದಲ್ಲಿ ಹಳೆಯ ಮೈಸೂರು ರಾಜ್ಯಪತ್ರದ ಸಂಪುಟಗಳನ್ನು ಕೇಳಿ. ಭೂಸ್ವಾಧೀನದ ಅಧಿಸೂಚನೆಗಳು ಅದರಲ್ಲಿ ಅಚ್ಚಾಗಿರುತ್ತವೆ. ಅಧಿಸೂಚನೆಯ ಸಂಖ್ಯೆ, ತಾರೀಕು ಬರೆದುಕೊಂಡು ಶಿವಮೊಗ್ಗ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಐತೀರ್ಪು ಮತ್ತು ಪುನರ್ವಸತಿ ಪಟ್ಟಿಯನ್ನು ಒಂದೇ ಅರ್ಜಿಯಲ್ಲಿ ಸೇರಿಸಿದರೆ ತಿರಸ್ಕಾರಕ್ಕೆ ಕಾರಣ ಕೊಟ್ಟಂತೆ. ಎರಡು ಅರ್ಜಿ ಮಾಡಿ.

ಖಾತೆದಾರರ ಹೆಸರು ಸಿಕ್ಕ ಮೇಲೆ ಹೊಸ ತಾಲ್ಲೂಕಿನ ಪಹಣಿಯಲ್ಲಿ ಹುಡುಕುತ್ತೀರಿ, ಸಿಗದಿದ್ದರೆ ಕೈಬಿಡಬೇಡಿ. ಸಂತ್ರಸ್ತರಿಗೆ ಕೊಟ್ಟ ಎಷ್ಟೋ ಜಮೀನು ದಾಖಲೆಯಲ್ಲಿ ಇನ್ನೂ ಅರಣ್ಯ ಎಂದೇ ಇದೆ. ಅರ್ಧ ಶತಮಾನ ಉತ್ತವರ ಹೆಸರೂ ಪಹಣಿಯಲ್ಲಿ ಇರುವುದಿಲ್ಲ. ಇದು ಅವರಿಗೆ ಆದ ಎರಡನೇ ಅನ್ಯಾಯ, ನಿಮ್ಮ ಹುಡುಕಾಟಕ್ಕೂ ಅದೇ ಅಡ್ಡಿ. ಅಲ್ಲಿ ಮತದಾರರ ಪಟ್ಟಿ ಪಹಣಿಗಿಂತ ಉಪಯೋಗಕ್ಕೆ ಬರುತ್ತದೆ: ತಂದೆಯ ಹೆಸರಿನ ಜಾಗದಲ್ಲಿ ಐತೀರ್ಪಿನ ಖಾತೆದಾರರ ಹೆಸರು ನೋಡಿ, ಅಜ್ಜಿಯ ಊರಿನ ಮೊದಲಕ್ಷರವನ್ನು ಇನಿಶಿಯಲ್ ಆಗಿ ಇಟ್ಟುಕೊಂಡವರು ಇದ್ದಾರೆಯೇ ಗಮನಿಸಿ.

ಒಂದು ಮನೆ ಸಿಕ್ಕರೆ ಅಲ್ಲಿಯ ಹಿರಿಯರಿಗೆ "ನಿಮ್ಮ ಊರಿನವರೆಲ್ಲ ಎಲ್ಲಿದ್ದಾರೆ" ಎಂದು ಕೇಳಬೇಡಿ. ಐತೀರ್ಪಿನ ಹೆಸರುಗಳನ್ನು ಒಂದೊಂದಾಗಿ ಓದಿ, "ಇವರು ನಿಮ್ಮ ಜೊತೆ ಬಂದವರಾ, ಬೇರೆ ಕಡೆ ಹೋದವರಾ" ಎಂದು ಕೇಳಿ, ಉತ್ತರವನ್ನು ಅಲ್ಲೇ ಸರ್ವೆ ನಂಬರಿನ ಎದುರು ಬರೆದುಕೊಳ್ಳಿ.